ಒಳಗೇ ಕೂತು ಬೈಯುವ ದನಿ ಬಾಲ್ಯದಲ್ಲಿ ಹೇಗೆ ಹುಟ್ಟುತ್ತದೆ?

ಏಪ್ರಿಲ್, ಮೇ ಬಂತೆಂದರೆ ಪಿಯುಸಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಕಾಲ. ಅಂಕ ಕಡಿಮೆ ಬಂದ ಮಕ್ಕಳ ಮಾತಿಗೆ ಕಿವಿಗೊಟ್ಟರೆ ಎರಡು ಥರ ಕೇಳಿಸುತ್ತದೆ. ಒಬ್ಬಳು ‘ಮ್ಯಾಥ್ಸ್ ಕೈಕೊಡ್ತು’ ಅನ್ನುತ್ತಾಳೆ. ಇನ್ನೊಬ್ಬಳು ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅನ್ನುತ್ತಾಳೆ. ಇಬ್ಬರ ಅಂಕವೂ ಒಂದೇ ಇರಬಹುದು. ಮೊದಲನೆಯವಳು ಒಂದು ಪರೀಕ್ಷೆಯ ಬಗ್ಗೆ ಮಾತಾಡುತ್ತಿದ್ದಾಳೆ. ಎರಡನೆಯವಳು ತನ್ನ ಇಡೀ ಬದುಕಿಗೇ ತೀರ್ಪು ಬರೆದುಬಿಟ್ಟಿದ್ದಾಳೆ.

ಮನೆಯವರು, ಮೇಷ್ಟ್ರು ಎಲ್ಲರೂ ‘ಧೈರ್ಯ ತಗೋ, ಇನ್ನೊಂದು ಪರೀಕ್ಷೆ ಇದೆಯಲ್ಲ’ ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಎರಡನೆಯವಳಿಗೆ ಅದು ತಟ್ಟುವುದೇ ಇಲ್ಲ. ಅವಳೊಳಗಿನ ಇನ್ನೊಂದು ದನಿ ಅದಕ್ಕಿಂತ ಜೋರಾಗಿ ಮಾತಾಡುತ್ತಿರುತ್ತದೆ. ಆ ದನಿ ಎಲ್ಲಿಂದ ಬಂತು? ಅಷ್ಟು ಗಟ್ಟಿಯಾಗಿ ಕೂತಿರುವುದೇಕೆ? ಬಹಳ ಜನ ಅದನ್ನು ತಮ್ಮ ಸ್ವಭಾವ ಎಂದುಕೊಂಡು ಐವತ್ತು, ಅರವತ್ತು ವರ್ಷ ಹೊತ್ತುಕೊಂಡೇ ಬದುಕುತ್ತಾರೆ. ಹಾಗಾಗಿ ಇದನ್ನು ಬುಡದಿಂದ ನೋಡುವುದು ಒಳ್ಳೆಯದು.

## ತಿದ್ದುವ ಮಾತು, ತುಳಿಯುವ ಮಾತು

ಮೊದಲು ಮಾತುಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಮನಶ್ಶಾಸ್ತ್ರದಲ್ಲಿ ಸೆಲ್ಫ್ ಕ್ರಿಟಿಸಿಸಂ ಎಂದರೆ ತನ್ನನ್ನೇ ಹಳಿದುಕೊಳ್ಳುವುದು. ‘ಈ ಲೆಕ್ಕ ತಪ್ಪಾಗಿದೆ, ಮತ್ತೆ ಮಾಡಬೇಕು’ ಎಂದುಕೊಳ್ಳುವುದು ಇದರಲ್ಲಿ ಸೇರುವುದಿಲ್ಲ. ಅದು ಕೆಲಸದ ಬಗ್ಗೆ ಆಡಿದ ಮಾತು. ‘ನಾನೊಬ್ಬ ದಡ್ಡ’ ಎಂಬುದು ಮನುಷ್ಯನ ಬಗ್ಗೆ ಆಡಿದ ಮಾತು. ಮಾಡಿದ್ದು ತಪ್ಪು ಎನ್ನುವ ನೋವು ತಿದ್ದಿಕೊಳ್ಳಲು ದಾರಿ ಬಿಡುತ್ತದೆ. ನಾನೇ ತಪ್ಪು ಎನ್ನುವ ನಾಚಿಕೆ ಅಡಗಿಕೊಳ್ಳಲು ಹೇಳುತ್ತದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಪಾಲ್ ಗಿಲ್ಬರ್ಟ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಒಳದನಿಯಲ್ಲೂ ಎರಡು ಬಗೆ ಕಂಡವು. ಒಂದು ‘ನೀನು ಸಾಲದು, ಇನ್ನೂ ಸಾಲದು’ ಎಂದು ಚುಚ್ಚುತ್ತಿರುತ್ತದೆ. ಇನ್ನೊಂದಕ್ಕೆ ನಮ್ಮನ್ನು ಕಂಡರೇ ಅಸಹ್ಯ. ಅದು ಸುಧಾರಿಸು ಎಂದೂ ಹೇಳುವುದಿಲ್ಲ, ಶಿಕ್ಷೆ ಅನುಭವಿಸು ಎನ್ನುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಒಳಗೆ ಕೇಳಿಸುವುದು ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ತಪ್ಪು ಸರಿಹೋದ ಮೇಲೆ ದನಿ ಸುಮ್ಮನಾಗುತ್ತದಾ ನೋಡಿ. ಸರಿಹೋದ ಮೇಲೂ ಅದು ಬೈಯುತ್ತಲೇ ಇದ್ದರೆ, ಅದಕ್ಕೆ ತಪ್ಪು ಬರೀ ನೆಪ.

ಸೆಲ್ಫ್ ಕಂಪ್ಯಾಷನ್ ಎಂದರೆ ತನ್ನ ಬಗ್ಗೆಯೇ ಕರುಣೆ. ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ 2003ರಲ್ಲಿ ಪ್ರಕಟಿಸಿದರು. ಅವರು ಹೇಳುವಂತೆ ಇದರಲ್ಲಿ ಮೂರು ಸಂಗತಿ ಇವೆ. ಆದ ನೋವನ್ನು ಉಬ್ಬಿಸದೆ, ಮುಚ್ಚಿಡದೆ ಇದ್ದ ಹಾಗೆ ನೋಡುವುದು ಒಂದು. ಎಡವುವುದು ಎಲ್ಲ ಮನುಷ್ಯರಿಗೂ ಇದ್ದದ್ದೇ, ನಾನೊಬ್ಬನೇ ಅಲ್ಲ ಎಂದು ನೆನೆಯುವುದು ಇನ್ನೊಂದು. ಅಂಥ ಹೊತ್ತಲ್ಲಿ ತನ್ನೊಂದಿಗೆ ಮೆತ್ತಗೆ ನಡೆದುಕೊಳ್ಳುವುದು ಮೂರನೆಯದು. ‘ನಾನೇ ಶ್ರೇಷ್ಠ’ ಎಂದುಕೊಳ್ಳುವುದು ಇದರಲ್ಲಿಲ್ಲ. ‘ಅಯ್ಯೋ ನನ್ನ ಹಣೆಬರಹ’ ಎಂದು ಮರುಗುವುದೂ ಇಲ್ಲ. ಮರುಗುವವರಿಗೆ ಕಷ್ಟ ತಮಗೊಬ್ಬರಿಗೇ ಬಂದಂತೆ ಕಾಣುತ್ತದೆ. ಎರಡನೆಯ ಸಂಗತಿ ಅದಕ್ಕೆ ನೇರ ವಿರುದ್ಧ.

## ಹೊರಗಿನ ಮಾತು ಒಳಗೆ ಹೋಗುವ ದಾರಿ

ಎರಡು, ಎರಡೂವರೆ ವರ್ಷದ ಮಗುವನ್ನು ಗಮನಿಸಿ. ಬಿಸಿ ಪಾತ್ರೆ ಕಡೆಗೆ ಕೈ ಚಾಚುತ್ತಲೇ ‘ಸುಡುತ್ತೆ, ಮುಟ್ಬಾರ್ದು’ ಎಂದು ತಾನೇ ಹೇಳಿಕೊಳ್ಳುತ್ತದೆ. ಕೆಲವೊಮ್ಮೆ ಅಮ್ಮನ ಹಾಗೆ ಬೆರಳನ್ನೂ ಅಲ್ಲಾಡಿಸುತ್ತದೆ. ಮಾತು ಅಮ್ಮನದು, ರಾಗವೂ ಅಮ್ಮನದು, ಬಾಯಿ ಮಾತ್ರ ಮಗುವಿನದು.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ ಇದರ ಹಿಂದಿನ ನಡೆಯನ್ನು ಬಿಡಿಸಿದರು. ಅವರು 1934ರಲ್ಲಿ 37ನೇ ವಯಸ್ಸಿಗೇ ತೀರಿಕೊಂಡರು. ಅವರ ಪ್ರಕಾರ ಮಾತು ಮೊದಲು ಇಬ್ಬರ ನಡುವೆ ಇರುತ್ತದೆ. ದೊಡ್ಡವರು ಹೇಳುತ್ತಾರೆ, ಮಗು ಕೇಳುತ್ತದೆ. ಆಮೇಲೆ, ಸುಮಾರು ಮೂರರಿಂದ ಏಳು ವರ್ಷದ ನಡುವೆ, ಮಗು ಆಟವಾಡುತ್ತಾ, ಚಿತ್ರ ಬರೆಯುತ್ತಾ ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತದೆ. ‘ಇದು ಇಲ್ಲಿ ಇಡ್ಬೇಕು, ಅಲ್ಲ ಅಲ್ಲ, ಆ ಕಡೆ’ ಎಂಬಂಥ ಮಾತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದು ಪಿಸುಮಾತಾಗುತ್ತದೆ, ತುಟಿಯ ಅಲುಗಾಟವಾಗುತ್ತದೆ, ಕೊನೆಗೆ ಸದ್ದೇ ಇಲ್ಲದೆ ಒಳಗೆ ಸೇರುತ್ತದೆ. ನಾವು ಯೋಚನೆ ಎನ್ನುವುದರ ಒಂದು ದೊಡ್ಡ ಭಾಗ ಹೀಗೆ ಒಳಗೆ ಹೋದ ಮಾತು.

ಇದೊಂದು ಅದ್ಭುತ ವ್ಯವಸ್ಥೆ ಎಂದು ನನಗನ್ನಿಸುತ್ತದೆ. ಅಮ್ಮ ಪಕ್ಕದಲ್ಲಿ ಇಲ್ಲದಾಗಲೂ ಮಗು ರಸ್ತೆ ದಾಟುವ ಮುಂಚೆ ನಿಂತು ನೋಡುವುದು ಇದರಿಂದಲೇ. ಆದರೆ ಈ ದಾರಿಯಲ್ಲಿ ಜರಡಿ ಇಲ್ಲ. ‘ನಿಧಾನಕ್ಕೆ ಮಾಡು ಪುಟ್ಟಾ, ಬರುತ್ತೆ’ ಎಂಬುದು ಒಳಗೆ ಹೋಗುವ ದಾರಿಯಲ್ಲೇ ‘ನಿನ್ನ ಕೈಲಿ ಏನೂ ಆಗಲ್ಲ’ ಎಂಬುದೂ ಹೋಗುತ್ತದೆ. ‘ನಾಚಿಕೆ ಆಗಲ್ವಾ’, ‘ದಂಡಪಿಂಡ’, ‘ಪಕ್ಕದ ಮನೆ ಹುಡುಗನ್ನ ನೋಡಿ ಕಲಿ’ ಎಲ್ಲವೂ ಹೋಗುತ್ತವೆ. ಮಾತಿನ ಜೊತೆ ಹೇಳಿದವರ ದನಿಯ ಕಾವು, ಮುಖದ ಗಂಟು ಕೂಡ. ಒಳಗೆ ಹೋಗುವಾಗ ಒಂದು ಬದಲಾವಣೆಯೂ ಆಗುತ್ತದೆ. ಎಷ್ಟೋ ಸಲ ‘ನೀನು’ ಎಂದದ್ದು ‘ನಾನು’ ಆಗುತ್ತದೆ. ಇದು ಯಾರೋ ಹೇಳಿದ್ದು ಎಂಬ ಗುರುತು ಅಲ್ಲಿಗೆ ಅಳಿಸಿಹೋಗುತ್ತದೆ. ಮೂವತ್ತು ವರ್ಷದ ಮೇಲೆ ಅದು ಅಭಿಪ್ರಾಯದಂತೆ ಕೇಳಿಸುವುದಿಲ್ಲ, ಸತ್ಯದಂತೆ ಕೇಳಿಸುತ್ತದೆ.

## ಮಗು ತಪ್ಪನ್ನು ತನ್ನ ಮೇಲೇ ಏಕೆ ಹಾಕಿಕೊಳ್ಳುತ್ತದೆ?

ಬರೀ ಕೇಳಿದ ಮಾತು ಒಳಗೆ ಹೋಗುವುದಷ್ಟೇ ಆಗಿದ್ದರೆ ಈ ದನಿ ಇಷ್ಟು ಗಟ್ಟಿಯಾಗುತ್ತಿರಲಿಲ್ಲ. ದೊಡ್ಡವನಾದ ಮೇಲೆ ‘ಅಪ್ಪ ಅವತ್ತು ಸಿಟ್ಟಲ್ಲಿ ಏನೋ ಅಂದ್ರು’ ಎಂದು ಕೊಡವಿಕೊಳ್ಳಬಹುದಿತ್ತು. ಹಾಗೆ ಆಗುವುದಿಲ್ಲ. ಏಕೆಂದರೆ ಮಗು ಆ ಮಾತನ್ನು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ಅದನ್ನು ನಂಬುವ ಅಗತ್ಯವೂ ಅದಕ್ಕಿರುತ್ತದೆ.

ಸ್ಕಾಟ್ಲೆಂಡಿನ ಮನೋವಿಶ್ಲೇಷಕ ರೊನಾಲ್ಡ್ ಫೇರ್‌ಬೇರ್ನ್ 1943ರ ಒಂದು ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಮನೆಯಲ್ಲಿ ತುಂಬಾ ಕೆಟ್ಟದಾಗಿ ನಡೆಸಿಕೊಂಡ ಮಕ್ಕಳನ್ನು ಅವರು ನೋಡಿದ್ದರು. ಆ ಮಕ್ಕಳು ಅಪ್ಪ ಅಮ್ಮ ಕೆಟ್ಟವರು ಎಂದು ಒಪ್ಪಿಕೊಳ್ಳಲು ಹಿಂಜರಿಯುತ್ತಿದ್ದರು, ತಾವೇ ಕೆಟ್ಟವರು ಎಂದು ಮಾತ್ರ ಸುಲಭವಾಗಿ ಹೇಳುತ್ತಿದ್ದರು. ಮಗುವಿನ ಕಡೆಯಿಂದ ಯೋಚಿಸಿದರೆ ಇದರ ಲೆಕ್ಕ ಗೊತ್ತಾಗುತ್ತದೆ. ಐದು ವರ್ಷದ ಮಗುವಿಗೆ ಊಟ, ನಿದ್ದೆ, ಆಸರೆ ಎಲ್ಲವೂ ಅಪ್ಪ ಅಮ್ಮನಿಂದಲೇ. ಅವರೇ ಸರಿಯಿಲ್ಲ ಎಂದು ಒಪ್ಪಿಕೊಂಡರೆ ಅದಕ್ಕೆ ಹೋಗಲು ಇನ್ನೊಂದು ಜಾಗವಿಲ್ಲ. ಆ ಭಯವನ್ನು ಅದು ತಡೆದುಕೊಳ್ಳಲಾರದು. ‘ಅಮ್ಮ ಒಳ್ಳೆಯವಳು, ನಾನೇ ಕೆಟ್ಟವಳು, ಅದಕ್ಕೇ ಬೈದಳು’ ಎಂದುಕೊಂಡರೆ ನೋವಾಗುತ್ತದೆ, ಆದರೆ ಜಗತ್ತು ನೆಟ್ಟಗೆ ನಿಲ್ಲುತ್ತದೆ. ಒಂದು ಆಸೆಯೂ ಉಳಿಯುತ್ತದೆ. ಕೆಟ್ಟದ್ದು ನನ್ನಲ್ಲಿದ್ದರೆ ನಾನು ಸರಿಹೋಗಬಹುದು. ನಾನು ಸರಿಹೋದರೆ ಅಮ್ಮ ನಗುತ್ತಾಳೆ.

ವಯಸ್ಸೂ ಇದಕ್ಕೆ ಕೈಜೋಡಿಸುತ್ತದೆ. ಚಿಕ್ಕ ಮಕ್ಕಳಿಗೆ ತಮ್ಮ ಸುತ್ತ ಆಗುವುದಕ್ಕೆಲ್ಲ ತಾವೇ ಕಾರಣ ಎಂದು ಕಾಣುವುದು ಸಹಜ. ಅಪ್ಪನಿಗೆ ಸಾಲದ ಚಿಂತೆ, ಅಮ್ಮನಿಗೆ ಅತ್ತೆಯ ಜೊತೆ ಜಗಳ, ಇವೆಲ್ಲ ಮಗುವಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಕಾಣುವುದು ಗಂಟಿಕ್ಕಿದ ಮುಖ ಮಾತ್ರ. ಕಾರಣ ಹುಡುಕಿದಾಗ ಅದರ ಕೈಗೆ ಸಿಗುವುದು ತಾನೇ.

ಹಾಗಾಗಿ ಒಳಗೆ ಬೈಯುವ ದನಿಯನ್ನು ಮಗು ಕಟ್ಟಿಕೊಂಡದ್ದು ತನ್ನನ್ನು ಉಳಿಸಿಕೊಳ್ಳಲು. ಬೇರೆಯವರು ಬೈಯುವ ಮೊದಲೇ ನಾನೇ ಬೈದುಕೊಂಡರೆ ತಪ್ಪು ಮಾಡುವುದಿಲ್ಲ, ತಪ್ಪು ಮಾಡದಿದ್ದರೆ ಅವರು ನನ್ನನ್ನು ದೂರ ಮಾಡುವುದಿಲ್ಲ. ಇಡೀ ವಿಷಯದಲ್ಲಿ ತಿಳಿಯಲೇಬೇಕಾದ ಒಂದು ಅಂಶ ಇದು ಎಂದು ನನ್ನ ಅಭಿಪ್ರಾಯ. ಆ ದನಿಯನ್ನು ‘ಸುಮ್ನಿರು’ ಎಂದು ಗದರಿಸಿದರೆ ಅದು ಅಡಗುವುದಿಲ್ಲ. ಅದು ಕಾವಲಿಗೆ ನಿಂತ ದನಿ. ಅಪಾಯ ಹೆಚ್ಚಾಯಿತು ಎಂದುಕೊಂಡು ಇನ್ನೂ ಜೋರು ಮಾಡುತ್ತದೆ.

## ಬೈಗುಳವೇ ಇಲ್ಲದ ಮನೆಯಲ್ಲೂ

‘ನಮ್ಮ ಮನೆಯಲ್ಲಿ ಯಾರೂ ಹೊಡೆದವರಲ್ಲ, ಬೈದವರಲ್ಲ, ಆದರೂ ನನಗೆ ಹೀಗೇಕೆ?’ ಎಂದು ಕೇಳುವವರು ಬಹಳ ಜನ. ಇದಕ್ಕೂ ಉತ್ತರವಿದೆ.

ಕೊಲಂಬಿಯಾ ವಿಶ್ವವಿದ್ಯಾಲಯದ ಮೆಲಿಸಾ ಕೇಮಿನ್ಸ್ ಮತ್ತು ಕ್ಯಾರಲ್ ಡ್ವೆಕ್ 1999ರಲ್ಲಿ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಮಕ್ಕಳು ಟೀಚರ್ ಕೊಟ್ಟ ಕೆಲಸದಲ್ಲಿ ಎಡವಿದಂತೆ ಆಟ ಕಟ್ಟಿ ಆಡಿಸಿದರು. ಆಟದ ಟೀಚರ್ ಕೆಲವರಿಗೆ ‘ನಿನ್ನಿಂದ ನನಗೆ ತುಂಬಾ ನಿರಾಸೆಯಾಯಿತು’ ಎಂದರು. ಇನ್ನು ಕೆಲವರಿಗೆ ‘ಇದನ್ನು ಬೇರೆ ರೀತಿಯಲ್ಲಿ ಮಾಡಬಹುದೇನೋ, ಯೋಚಿಸು’ ಎಂದರು. ಎರಡೂ ಟೀಕೆಯೇ. ಆಮೇಲೆ ಎಲ್ಲರಿಗೂ ಹೊಸ ಕೆಲಸ, ಅದರಲ್ಲೂ ಒಂದು ತಪ್ಪು. ಮೊದಲ ಗುಂಪಿನ ಮಕ್ಕಳು ತಾವು ಒಳ್ಳೆಯವರಲ್ಲ, ಜಾಣರಲ್ಲ ಎಂದುಕೊಳ್ಳುವುದು ಹೆಚ್ಚಿತ್ತು, ಬೇಗ ಕೈಚೆಲ್ಲಿದರು. ಎರಡನೆಯ ಗುಂಪಿನವರು ಸರಿಮಾಡುವ ದಾರಿ ಹುಡುಕಿದರು. ಅಚ್ಚರಿಯ ಸಂಗತಿ ಇನ್ನೊಂದಿದೆ. ಹೊಗಳಿಕೆಯಲ್ಲೂ ಹೀಗೇ ಆಯಿತು. ‘ನೀನು ಎಷ್ಟು ಒಳ್ಳೆಯ ಹುಡುಗಿ’ ಎಂದು ಮನುಷ್ಯನನ್ನೇ ಹೊಗಳಿಸಿಕೊಂಡ ಮಕ್ಕಳು ಮುಂದಿನ ಸೋಲಿಗೆ ಬೇಗ ಕುಸಿದರು. ಗೆದ್ದರೆ ಒಳ್ಳೆಯವಳು ಎಂದಾದರೆ ಸೋತರೆ ಯಾರು? ಆ ಲೆಕ್ಕ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ದಾರಿ ಮೌನದ್ದು. ಅಂಕ ಕಡಿಮೆ ಬಂದಾಗ ಬೈಯದೆ, ಮಾತೇ ಬಿಟ್ಟುಬಿಡುವ ಅಪ್ಪಂದಿರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಹೇಳಿದ ಹಾಗೆ ನಡೆದರೆ ಅಕ್ಕರೆ ಜಾಸ್ತಿ, ನಡೆಯದಿದ್ದರೆ ಅಕ್ಕರೆ ವಾಪಸು. ಇಂಥ ಷರತ್ತಿನ ಪ್ರೀತಿಯ ಬಗ್ಗೆ ಅವಿ ಅಸೋರ್, ಗೈ ರಾತ್ ಮತ್ತು ಎಡ್ವರ್ಡ್ ಡೆಸಿ 2004ರಲ್ಲಿ ಅಧ್ಯಯನ ಪ್ರಕಟಿಸಿದರು. ಹಾಗೆ ಬೆಳೆದವರು ಅಪ್ಪ ಅಮ್ಮ ಬಯಸಿದ್ದನ್ನು ಮಾಡುತ್ತಿದ್ದರು, ನಿಜ. ಆದರೆ ಇಷ್ಟಪಟ್ಟು ಮಾಡುತ್ತಿರಲಿಲ್ಲ, ಒಳಗಿನ ಒತ್ತಾಯಕ್ಕೆ ಮಾಡುತ್ತಿದ್ದರು. ಗೆದ್ದಾಗ ಖುಷಿ ಸ್ವಲ್ಪ ಹೊತ್ತು ಮಾತ್ರ, ಸೋತಾಗ ನಾಚಿಕೆ, ಅಪ್ಪ ಅಮ್ಮನ ಮೇಲೆ ಒಳಗೊಳಗೇ ಅಸಮಾಧಾನ. ಅದೇ ಅಧ್ಯಯನದಲ್ಲಿ ತಾಯಂದಿರನ್ನೂ ಅವರ ದೊಡ್ಡ ಹೆಣ್ಣುಮಕ್ಕಳನ್ನೂ ಕೇಳಿದರು. ಹೀಗೆ ನೊಂದಿದ್ದರೂ ಆ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ಅದನ್ನೇ ದಾಟಿಸಿದ್ದರು.

ಎಲ್ಲದಕ್ಕೂ ಅಪ್ಪ ಅಮ್ಮನೇ ಕಾರಣ ಎನ್ನುವುದು ಮಾತ್ರ ಸರಿಯಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಸೂಕ್ಷ್ಮ. ಒಂದೇ ಮಾತು ಅಣ್ಣನಿಗೆ ತಾಕದೆ ತಂಗಿಗೆ ಆಳವಾಗಿ ತಾಕಬಹುದು. ತರಗತಿಯಲ್ಲಿ ಎಲ್ಲರ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು, ‘ಕಪ್ಪಗಿದ್ದಾಳೆ’ ಎಂದು ಮದುವೆಮನೆಯಲ್ಲಿ ಆಡಿಕೊಂಡ ನೆಂಟರು, ಜಾತಿ ಹಿಡಿದು ಅವಮಾನಿಸಿದ ಊರು, ಇವೆಲ್ಲವೂ ಒಳಗೆ ದನಿಯಾಗಬಲ್ಲವು. ಕೊನೆಯದರಲ್ಲಿ ಒಳಗೆ ಮಾತಾಡುವುದು ಒಬ್ಬ ಮನುಷ್ಯನಲ್ಲ, ಇಡೀ ಸಮಾಜ. ಅದನ್ನು ಒಬ್ಬೊಬ್ಬರ ಮನಸ್ಸಿನ ಕೆಲಸದಿಂದಷ್ಟೇ ಸರಿಮಾಡಲಾಗದು.

## ಒಳಗಿನ ಬೈಗುಳ ಮೈಗೆ ಏನು ಮಾಡುತ್ತದೆ?

ಉಪ್ಪು ಖಾರ ಹಚ್ಚಿದ ಮಾವಿನಕಾಯಿಯನ್ನು ನೆನೆಸಿಕೊಳ್ಳಿ. ಎದುರಿಗೆ ಕಾಯಿ ಇಲ್ಲ, ಆದರೂ ಬಾಯಲ್ಲಿ ನೀರೂರುತ್ತದೆ. ಗಿಲ್ಬರ್ಟ್ ಕೂಡ ಊಟದ ಉದಾಹರಣೆಯಿಂದಲೇ ಇದನ್ನು ವಿವರಿಸುತ್ತಾರೆ. ನಿಜದ ಊಟಕ್ಕೂ ನೆನೆದ ಊಟಕ್ಕೂ ಮೈ ಒಂದೇ ರೀತಿ ಸ್ಪಂದಿಸಬಲ್ಲದು. ಹಾಗೆಯೇ ಎದುರಿಗೆ ನಿಂತು ಬೈಯುವವರಿಗೂ ಒಳಗೇ ಕೂತು ಬೈಯುವ ದನಿಗೂ. ಎದೆ ಬಡಿತ ಏರುತ್ತದೆ, ಹೊಟ್ಟೆ ಹಿಂಡುತ್ತದೆ, ಭುಜ ಬಿಗಿಯುತ್ತದೆ. ಹೊರಗಿನವರಾದರೆ ಎದ್ದು ಹೋಗಬಹುದು. ಒಳಗಿನ ದನಿಯಿಂದ ಎದ್ದು ಹೋಗಲು ಜಾಗವಿಲ್ಲ. ಮೈ ದಿನವಿಡೀ ಎಚ್ಚರದಲ್ಲೇ ಇರುತ್ತದೆ.

ಅಪಾಯ ಕಂಡಾಗ ಗಮನ ಕಿರಿದಾಗುತ್ತದೆ. ತಪ್ಪಿಸಿಕೊಳ್ಳುವುದು, ಅಡಗುವುದು, ಎದುರಿಸುವುದು, ಇಷ್ಟೇ ಹೊಳೆಯುತ್ತವೆ. ಕಲಿಯಲು ಬೇಕಾದ ನಿಧಾನ ಆಗ ಇರುವುದಿಲ್ಲ. ಗಿಲ್ಬರ್ಟ್ ಹೇಳುವಂತೆ ಮನುಷ್ಯನಲ್ಲಿ ಇದನ್ನು ತಣಿಸುವ ವ್ಯವಸ್ಥೆಯೂ ಇದೆ. ಅಳುವ ಕೂಸನ್ನು ಎತ್ತಿ ಎದೆಗೊರಗಿಸಿ ಬೆನ್ನು ಸವರಿದಾಗ ಮೈ ಸಡಿಲವಾಗುತ್ತದಲ್ಲ, ಅದು. ಆ ಅನುಭವ ಬಾಲ್ಯದಲ್ಲಿ ಸಾಕಷ್ಟು ಸಿಕ್ಕವರಿಗೆ ದೊಡ್ಡವರಾದ ಮೇಲೆ ತಮ್ಮನ್ನು ತಾವು ಸಂತೈಸಿಕೊಳ್ಳಲು ಬರುತ್ತದೆ. ಸಿಗದವರು ಅದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ತನ್ನ ಬಗೆಗಿನ ಕರುಣೆ ಎಂಬುದು ಈ ಕಲಿಕೆ.

## ಕರುಣೆ ತೋರಿಸಿಕೊಂಡರೆ ಸೋಮಾರಿ ಆಗಲ್ವಾ?

ನಮ್ಮಲ್ಲಿ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು. ‘ಅಪ್ಪ ಬೈದಿದ್ದಕ್ಕೇ ನಾನು ಇಷ್ಟಾದರೂ ಓದಿದೆ’ ಎನ್ನುವವರು ಎಲ್ಲ ಮನೆಯಲ್ಲೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಇದನ್ನು ಪರೀಕ್ಷಿಸಿ 2012ರಲ್ಲಿ ಬರೆದರು. ವಿದ್ಯಾರ್ಥಿಗಳಿಗೆ ಪದಗಳ ಬಗ್ಗೆ ಒಂದು ಕಠಿಣ ಪರೀಕ್ಷೆ ಕೊಟ್ಟರು. ಆಮೇಲೆ ಒಂದು ಗುಂಪಿಗೆ, ಇದು ಬಹಳ ಜನಕ್ಕೆ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ಕಠಿಣವಾಗಬೇಡಿ ಎಂಬರ್ಥದ ಮಾತು ಹೇಳಿದರು. ಇನ್ನೊಂದು ಗುಂಪಿಗೆ, ಈ ವಿಶ್ವವಿದ್ಯಾಲಯಕ್ಕೆ ಸೇರಿದ್ದೀರಿ ಎಂದರೆ ನೀವು ಜಾಣರೇ ಎಂದರು. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ನಂತರ ಮುಂದಿನ ಪರೀಕ್ಷೆಗೆ ಓದಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ ಎಂದರು. ಹೆಚ್ಚು ಹೊತ್ತು ಓದಿದವರು ಮೊದಲ ಗುಂಪಿನವರು.

ಕೆನಡಾದಲ್ಲಿ ಮೈಕಲ್ ವೋಲ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಡೆ ಬೆರಳು ಮಾಡುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ವಿದ್ಯಾರ್ಥಿಗಳಲ್ಲಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಮುಂದೂಡಿದ್ದು ಕಡಿಮೆ. ಕಾರಣ ಸರಳ. ಪುಸ್ತಕ ತೆರೆದ ಕೂಡಲೇ ಒಳಗೆ ಬೈಗುಳ ಶುರುವಾದರೆ, ಬೈಗುಳದಿಂದ ತಪ್ಪಿಸಿಕೊಳ್ಳಲು ಪುಸ್ತಕವನ್ನೇ ಮುಚ್ಚುತ್ತೇವೆ.

ಬೈದರೆ ಕೆಲಸ ಆಗುವುದೇ ಇಲ್ಲ ಎಂದು ಇದರರ್ಥವಲ್ಲ. ಭಯಕ್ಕೆ ಓಡಿದವನೂ ಓಡಿಯೇ ಇರುತ್ತಾನೆ. ಆದರೆ ಅವನು ಸೋಲುವ ಸಾಧ್ಯತೆ ಇರುವ ಕಡೆ ಕಾಲಿಡುವುದಿಲ್ಲ. ಈ ಅಧ್ಯಯನಗಳಿಗೂ ಮಿತಿ ಇದೆ. ಹೆಚ್ಚಿನವು ಪಶ್ಚಿಮದ ಕಾಲೇಜು ವಿದ್ಯಾರ್ಥಿಗಳ ಮೇಲೆ, ಕೆಲವೇ ವಾರಗಳ ಅವಧಿಯಲ್ಲಿ ನಡೆದವು.

## ಒಂದು ಉದಾಹರಣೆ

ಇದು ಕಟ್ಟಿದ ಉದಾಹರಣೆ. ಆದರೆ ಇಂಥ ಕತೆಗಳು ಅಪರೂಪವಲ್ಲ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ 34 ವರ್ಷದ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಒಬ್ಬ ಸದಸ್ಯರ ಸಾಲದ ಕಂತನ್ನು ತಪ್ಪಿ ಇನ್ನೊಬ್ಬರ ಖಾತೆಗೆ ಜಮಾ ಮಾಡಿದ್ದಾಳೆ. ಸಂಜೆ ಗೊತ್ತಾಗುತ್ತದೆ. ಕಾರ್ಯದರ್ಶಿಗೆ ಹೇಳಿ, ತಪ್ಪು ನಮೂದನ್ನು ರದ್ದು ಮಾಡಿ, ಸರಿಯಾದ ಖಾತೆಗೆ ಹಾಕಿದರೆ ಮುಗಿಯಿತು. ಅವಳು ಹೇಳುವುದಿಲ್ಲ. ‘ನಿನ್ನನ್ನ ಕೆಲಸಕ್ಕೆ ಇಟ್ಟುಕೊಂಡಿದ್ದೇ ತಪ್ಪು’ ಎಂಬ ಮಾತು ತಲೆಯಲ್ಲಿ ಸುತ್ತುತ್ತದೆ. ರಾತ್ರಿ ನಿದ್ದೆ ಇಲ್ಲ. ಮರುದಿನ ಎಲ್ಲ ಪುಟಗಳನ್ನೂ ಮತ್ತೆ ಮತ್ತೆ ನೋಡುತ್ತಾಳೆ, ಇನ್ನೊಂದು ಕೆಲಸ ತಡವಾಗುತ್ತದೆ. ಸಣ್ಣ ತಪ್ಪು ಹೀಗೆ ದೊಡ್ಡದಾಗುತ್ತದೆ.

ಇಂಥ ಹೊತ್ತಲ್ಲಿ ಚಿಕಿತ್ಸಕರು ಮೊದಲು ಮಾಡಿಸುವುದು ದನಿ ಹೇಳಿದ್ದನ್ನು ಅಕ್ಷರಶಃ ಬರೆಸುವುದು. ‘ಬೇಜಾರಾಯ್ತು’ ಎಂದರೆ ಸಾಲದು. ಅದು ಬಳಸಿದ ಮಾತೇ ಬೇಕು. ಬರೆದಾಗ ಅವಳಿಗೊಂದು ಕಾಣುತ್ತದೆ. ದನಿ ‘ನೀನು’ ಎಂದು ಮಾತಾಡುತ್ತಿದೆ. ಹಾಗಾದರೆ ಹೇಳುತ್ತಿರುವವರು ಯಾರು? ಅವಳಿಗೆ ಮೂರನೇ ಕ್ಲಾಸಿನ ಗಣಿತದ ಟೆಸ್ಟ್ ನೆನಪಾಗುತ್ತದೆ. 25ಕ್ಕೆ 17. ಅಪ್ಪ ಸಹಿ ಹಾಕಿ ಕೊಟ್ಟರು, ಬೈಯಲಿಲ್ಲ, ಎರಡು ದಿನ ಮಾತಾಡಿಸಲೂ ಇಲ್ಲ. ಅಮ್ಮ ‘ಅಪ್ಪನಿಗೆ ಎಷ್ಟು ಬೇಜಾರಾಗಿದೆ ನೋಡು’ ಎಂದರು. ಎಂಟು ವರ್ಷದ ಮಗು ಆ ಮೌನಕ್ಕೆ ತಾನೇ ಮಾತು ಕೊಟ್ಟಿತು.

ಮುಂದಿನ ಪ್ರಶ್ನೆ ಮುಖ್ಯವಾದದ್ದು. ಈ ದನಿ ಬೈಯುವುದನ್ನು ಬಿಟ್ಟರೆ ಏನಾಗುತ್ತದೆ ಎಂದು ಅದಕ್ಕೆ ಭಯ? ಅವಳ ಉತ್ತರ, ‘ನಾನು ಅಸಡ್ಡೆ ಮಾಡ್ತೀನಿ, ತಪ್ಪು ಮಾಡ್ತೀನಿ, ಆಮೇಲೆ ಯಾರೂ ನನ್ನ ಜೊತೆ ಮಾತಾಡಲ್ಲ’. ಬೈಗುಳದ ಬುಡದಲ್ಲಿ ಎರಡು ದಿನದ ಆ ಮೌನವೇ ಇದೆ. ಇಲ್ಲಿಗೆ ಬಂದ ಮೇಲೆ ದನಿಯ ಜೊತೆ ಜಗಳವಾಡುವ ಅಗತ್ಯ ಕಡಿಮೆಯಾಗುತ್ತದೆ. ಅದು ಬೇಡುತ್ತಿರುವುದು ಭದ್ರತೆ.

ಆಗ ಅವಳು ತನಗೆ ಹೇಳಿಕೊಳ್ಳುವ ಮಾತು ಹೀಗಿರಬಹುದು: ‘ಭಯ ಆಗ್ತಿದೆ, ಹೊಟ್ಟೆ ಹಿಂಡ್ತಿದೆ. ದಿನಕ್ಕೆ ಇಷ್ಟೊಂದು ನಮೂದು ಮಾಡುವ ಯಾರಿಗಾದರೂ ಒಂದಲ್ಲ ಒಂದು ದಿನ ಹೀಗಾಗುತ್ತೆ. ತಪ್ಪಾಗಿದೆ, ಸರಿ. ಬಾ, ಈಗಲೇ ಹೋಗಿ ಹೇಳೋಣ.’ ನೆಫ್ ಹೇಳಿದ ಮೂರೂ ಸಂಗತಿ ಇದರಲ್ಲಿವೆ. ತಪ್ಪಾಗಿದೆ ಎಂಬುದನ್ನು ಇದು ಮುಚ್ಚಿಡುವುದಿಲ್ಲ. ಹೇಳುವ ರಾಗ ಕೂಡ ಮಾತಿನಷ್ಟೇ ಮುಖ್ಯ. ಒಳ್ಳೆಯ ಮಾತನ್ನೇ ಗದರಿಸುವ ದನಿಯಲ್ಲಿ ಹೇಳಿಕೊಂಡರೆ ಮೈ ಗದರಿಕೆಯನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಉಸಿರು ನಿಧಾನ ಮಾಡಿ, ತನ್ನನ್ನು ಇಷ್ಟಪಡುವ ಒಬ್ಬರ ದನಿಯನ್ನು ನೆನೆದು ಆಮೇಲೆ ಹೇಳಿಕೊಳ್ಳುವುದನ್ನು ಅಭ್ಯಾಸ ಮಾಡಿಸುತ್ತಾರೆ. ಅವಳ ಅಜ್ಜಿ ‘ಆಗ್ಲಿ ಬಿಡು ಕಂದ, ಕೈ ತೊಳ್ಕೊಂಡು ಬಾ’ ಎನ್ನುತ್ತಿದ್ದರಂತೆ. ಆ ದನಿ ಸಾಕು.

## ಎಲ್ಲಿ ಎಡವುತ್ತದೆ

ಇದು ಕರುಣೆಯೋ, ನೆಪವೋ ಎಂದು ತಿಳಿಯುವ ದಾರಿ ಒಂದೇ. ಅವಳು ಕಾರ್ಯದರ್ಶಿಯ ಕೋಣೆಗೆ ಹೋದಳಾ ಎಂದು ನೋಡಬೇಕು. ‘ಪರವಾಗಿಲ್ಲ ಬಿಡು’ ಎಂದುಕೊಂಡು ತಪ್ಪನ್ನು ಹಾಗೇ ಬಿಟ್ಟರೆ ಅದು ತಪ್ಪಿಸಿಕೊಳ್ಳುವುದು.

ಕೆಲವರಿಗೆ ತಮ್ಮೊಂದಿಗೆ ಮೆತ್ತಗೆ ಮಾತಾಡಿಕೊಂಡ ಕೂಡಲೇ ಸಮಾಧಾನದ ಬದಲು ಅಳು, ಸಿಟ್ಟು, ಭಯ ನುಗ್ಗಿಬರುತ್ತದೆ. ಬಾಲ್ಯದಲ್ಲಿ ಅಕ್ಕರೆ ಮತ್ತು ನೋವು ಒಂದೇ ಕೈಯಿಂದ ಸಿಕ್ಕವರಲ್ಲಿ ಇದು ಹೆಚ್ಚು. ಅಕ್ಕರೆ ನೆನೆದರೆ ನೋವೂ ಜೊತೆಗೇ ಏಳುತ್ತದೆ. ಇದು ಸೋಲಲ್ಲ, ಆದರೆ ಒತ್ತಾಯ ಮಾಡಿ ಮುಂದುವರಿಸುವುದೂ ಸರಿಯಲ್ಲ. ಆ ಹೊತ್ತಿಗೆ ನಿಲ್ಲಿಸಿ, ಕಾಲು ನೆಲಕ್ಕೂರಿ, ಸುತ್ತಲಿನ ಸದ್ದು ಕೇಳಿಸಿಕೊಂಡು ಇವತ್ತಿಗೆ ಮರಳುವುದು ಕ್ಷೇಮ.

ನೆನಪುಗಳ ಬಗ್ಗೆಯೂ ಎಚ್ಚರ ಬೇಕು. ಮನಸ್ಸು ಕುಗ್ಗಿದಾಗ ಕಹಿ ನೆನಪೇ ಮೊದಲು ಬರುತ್ತದೆ. ಮೂರನೇ ಕ್ಲಾಸಿನ ಆ ಎರಡು ದಿನ ನಿಜವಿರಬಹುದು, ಅದೇ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ್ದೂ ನಿಜವಿರಬಹುದು. ದನಿ ಎಲ್ಲಿಂದ ಬಂತು ಎಂದು ತಿಳಿಯುವುದು ಅದನ್ನು ಬಿಡಿಸಿಕೊಳ್ಳಲು. ಅಪರಾಧಿಯನ್ನು ಹಿಡಿಯಲು ಹೊರಟರೆ ಕೆಲಸ ಬೇರೆ ದಾರಿ ಹಿಡಿಯುತ್ತದೆ.

ಒಳಗಿನ ದನಿ ಅಸಹ್ಯದ ಮಾತಾಡುತ್ತಿದ್ದರೆ, ಬದುಕುವುದೇ ಬೇಡ ಎನ್ನುತ್ತಿದ್ದರೆ, ಇದನ್ನು ಒಬ್ಬರೇ ಮಾಡಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

## ಈಗ ಮನೆಯಲ್ಲಿ ಮಗು ಇರುವವರಿಗೆ

ಇದನ್ನೆಲ್ಲ ಓದಿದ ಅಪ್ಪ ಅಮ್ಮಂದಿರಿಗೆ ‘ಅಯ್ಯೋ, ನಿನ್ನೆ ತಾನೆ ಬೈದೆನಲ್ಲ’ ಎನ್ನಿಸಬಹುದು. ಅವರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಅವರ ಕೆಲಸ ತಿಳಿದಿರಬೇಕು. ಅವರು ತಾಯಿ ಮತ್ತು ಕೂಸು ಎದುರುಬದುರು ಕೂತು ಆಡುವುದನ್ನು ಕ್ಷಣಕ್ಷಣವೂ ಗಮನಿಸಿ ನೋಡಿದರು. ಚೆನ್ನಾಗಿ ಹೊಂದಿಕೊಂಡ ಜೋಡಿಗಳಲ್ಲೂ ಹೆಚ್ಚಿನ ಹೊತ್ತು ಇಬ್ಬರ ತಾಳ ತಪ್ಪಿರುತ್ತಿತ್ತು. ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುವುದೇ ಕೂಸಿಗೆ ಭದ್ರತೆ ಕಲಿಸುತ್ತಿತ್ತು.

ಹಾಗಾಗಿ ಬೈದ ಮೇಲೆ ಆಡುವ ಮಾತಿಗೆ ತೂಕ ಜಾಸ್ತಿ. ಸಿಟ್ಟು ಇಳಿದ ಮೇಲೆ, ಅವತ್ತೇ, ಮಗುವಿನ ಎತ್ತರಕ್ಕೆ ಕೂತು ಹೇಳಬೇಕು: ‘ಹಾಲು ಚೆಲ್ಲಿದ್ದಕ್ಕೆ ಸಿಟ್ಟು ಬಂತು. ಆದರೆ ನಿನಗೆ ದಂಡಪಿಂಡ ಅಂದೆ ನೋಡು, ಅದು ನನ್ನ ತಪ್ಪು. ಆಫೀಸಿನ ಸಿಟ್ಟೂ ಅದರಲ್ಲಿತ್ತು. ಬಾ, ಇಬ್ಬರೂ ಒರೆಸೋಣ.’ ಚೆಲ್ಲಿದ್ದು ಚೆಲ್ಲಿದ್ದೇ, ಒರೆಸಬೇಕು ಎಂಬುದು ಇದರಲ್ಲಿ ಹಾಗೇ ಉಳಿದಿದೆ. ಸಿಟ್ಟಿನ ಕಾರಣ ಪೂರ್ತಿ ತಾನಲ್ಲ ಎಂಬುದು ಮಗುವಿಗೆ ಗೊತ್ತಾಗುತ್ತದೆ. ಹೀಗೆ ಹೇಳದಿದ್ದರೆ ಕಾರಣವನ್ನು ಅದು ತನ್ನೊಳಗೇ ಹುಡುಕುತ್ತದೆ. ಈ ಮಾತೂ ಬೈಗುಳ ಹೋದ ದಾರಿಯಲ್ಲೇ ಒಳಗೆ ಹೋಗುತ್ತದೆ.